ತಿಥಿ ನೋಡಿ ಪೋಸ್ಟ್ ಹಾಕುವುದು: ಭಕ್ತಿ ಚಾನೆಲ್‌ನ ವರ್ಷದ ಕ್ಯಾಲೆಂಡರ್ ಬಗ್ಗೆ ಪದೇ ಪದೇ ಕೇಳುವ ಪ್ರಶ್ನೆಗಳು

ವಾಟ್ಸಾಪ್, ಟೆಲಿಗ್ರಾಂ ಅಥವಾ ಯೂಟ್ಯೂಬ್‌ನಲ್ಲಿ ಕನ್ನಡದ ಹಬ್ಬ, ವ್ರತ, ಉಪವಾಸಗಳ ಚಾನೆಲ್ ನಡೆಸುವವರಿಗಾಗಿ ಇದನ್ನು ಬರೆದಿದ್ದೇನೆ. ಉದಾಹರಣೆಗಳೆಲ್ಲ ಹೆಚ್ಚಾಗಿ ಪರಾಭವ ಸಂವತ್ಸರದವು. ಅಂದರೆ 2026ರ ಮಾರ್ಚ್ 19ರ ಯುಗಾದಿಯಿಂದ 2027ರ ಏಪ್ರಿಲ್ 7ರ ಯುಗಾದಿಯ ಹಿಂದಿನ ದಿನದವರೆಗೆ. ಸಮಯಗಳು ಬೆಂಗಳೂರಿಗೆ, ಆಕಾಶಕ್ಕೆ ಸರಿಹೊಂದುವ ದೃಗ್ಗಣಿತದ ಲೆಕ್ಕಕ್ಕೆ.

ಕ್ಯಾಲೆಂಡರನ್ನು ಜನವರಿಯಿಂದ ಶುರು ಮಾಡಬೇಕಾ, ಯುಗಾದಿಯಿಂದಲಾ?

ಯುಗಾದಿಯಿಂದ. ಹೊಸ ಪಂಚಾಂಗ ಅಂಗಡಿಗೆ ಬರುವುದೇ ಆಗ. ಜನವರಿಯಿಂದ ಕೂತರೆ ಮೊದಲ ಮೂರು ತಿಂಗಳಿಗೆ ಒಂದು ಪಂಚಾಂಗ, ಮುಂದಿನದಕ್ಕೆ ಇನ್ನೊಂದು ಅಂತ ಎರಡನ್ನೂ ಹರಡಿಕೊಂಡು ಕೂರಬೇಕಾಗುತ್ತದೆ.

ಇನ್ನೊಂದು ತೊಂದರೆಯೂ ಇದೆ. ಜನವರಿ-ಡಿಸೆಂಬರ್ ಪಟ್ಟಿಯಲ್ಲಿ 'ವರ್ಷಕ್ಕೊಂದು' ಎಂದುಕೊಂಡ ಹಬ್ಬ ಕೆಲವೊಮ್ಮೆ ಎರಡು ಸಲ ಬರುತ್ತದೆ. ವೈಕುಂಠ ಏಕಾದಶಿ 2025ರಲ್ಲಿ ಜನವರಿ 10ಕ್ಕೂ ಬಂತು, ಡಿಸೆಂಬರ್ 30ಕ್ಕೂ ಬಂತು. ಧನುರ್ಮಾಸ ಎರಡು ಇಂಗ್ಲಿಷ್ ವರ್ಷಗಳ ನಡುವೆ ಹಂಚಿಹೋಗಿರುವುದೇ ಕಾರಣ. ಯುಗಾದಿಯಿಂದ ಯುಗಾದಿಗೆ ಲೆಕ್ಕ ಹಾಕಿದರೆ ಈ ಗೊಂದಲವೇ ಇಲ್ಲ.

ಕಳೆದ ವರ್ಷದ ಶೀಟನ್ನೇ 11 ದಿನ ಹಿಂದಕ್ಕೆ ಸರಿಸಿದರೆ ಸಾಕಲ್ವಾ?

ಈ ಉಪಾಯ ಎಲ್ಲರಿಗೂ ಹೊಳೆಯುತ್ತದೆ. ಚಾಂದ್ರ ವರ್ಷ ಸುಮಾರು 354 ದಿನ, ಸೌರ ವರ್ಷ 365 ದಿನ. ಹಾಗಾಗಿ ಹಬ್ಬಗಳು ವರ್ಷಕ್ಕೆ ಸುಮಾರು 11 ದಿನ ಹಿಂದೆ ಬರಬೇಕು. ಯುಗಾದಿ 2025ರಲ್ಲಿ ಮಾರ್ಚ್ 30, 2026ರಲ್ಲಿ ಮಾರ್ಚ್ 19. ಲೆಕ್ಕ ಸರಿಯಾಗೇ ಇದೆ.

ಆದರೆ ಅದೇ ಲೆಕ್ಕ ಹಿಡಿದು ಗಣೇಶನ ಹಬ್ಬಕ್ಕೆ ಹೋಗಿ. 2025ರಲ್ಲಿ ಆಗಸ್ಟ್ 27. ನಿಮ್ಮ ಶೀಟು 2026ಕ್ಕೆ ಆಗಸ್ಟ್ 16 ಅನ್ನುತ್ತದೆ. ನಿಜವಾದ ಹಬ್ಬ ಇರುವುದು ಸೆಪ್ಟೆಂಬರ್ 14ಕ್ಕೆ. 18 ದಿನ ಮುಂದೆ! ದೀಪಾವಳಿಯ ಅಮಾವಾಸ್ಯೆ ಪೂಜೆಯೂ ಅಷ್ಟೇ, ಅಕ್ಟೋಬರ್ 20ರಿಂದ ನವೆಂಬರ್ 8ಕ್ಕೆ ಹೋಗಿದೆ.

ನಡುವೆ ಅಧಿಕ ಜ್ಯೇಷ್ಠ ಬಂದಿದೆ, ಮೇ 17ರಿಂದ ಜೂನ್ 15ರವರೆಗೆ. ವರ್ಷಕ್ಕೆ 11 ದಿನದಂತೆ ಕೂಡಿಬಂದ ಸಾಲವನ್ನು ಸುಮಾರು 32-33 ತಿಂಗಳಿಗೊಮ್ಮೆ ಒಂದು ಇಡೀ ಮಾಸ ಸೇರಿಸಿ ತೀರಿಸುತ್ತಾರೆ. ಆ ಮಾಸಕ್ಕಿಂತ ಮುಂಚಿನ ಹಬ್ಬಗಳು 11 ದಿನ ಹಿಂದೆ, ನಂತರದವು 18-19 ದಿನ ಮುಂದೆ. ಒಂದೇ ವರ್ಷದೊಳಗೆ ಎರಡು ದಿಕ್ಕು. ಸರಿಸುವ ಆಟ ಬಿಟ್ಟು ಪ್ರತಿ ವರ್ಷ ದಿನಾಂಕವನ್ನು ಹೊಸದಾಗಿ ತುಂಬಿ.

ಹಾಗಾದರೆ ವರ್ಷದಿಂದ ವರ್ಷಕ್ಕೆ ಉಳಿಯುವುದು ಏನು?

ನಿಯಮ ಉಳಿಯುತ್ತದೆ. ಶೀಟಿನಲ್ಲಿ ದಿನಾಂಕಕ್ಕಿಂತ ಮುಂಚೆ ನಿಯಮದ ಕಾಲಂ ಇರಲಿ: ಮಾಸ, ಪಕ್ಷ, ತಿಥಿ, ಕೊನೆಗೆ 'ಯಾವ ಹೊತ್ತಿಗೆ'. ಈ ಕೊನೆಯದನ್ನೇ ಬಹಳ ಜನ ಬಿಡುತ್ತಾರೆ.

ತಿಥಿ ಅನ್ನುವುದು ಚಂದ್ರ ಸೂರ್ಯನಿಂದ 12 ಡಿಗ್ರಿ ದೂರ ಸರಿಯಲು ಹಿಡಿಯುವ ಹೊತ್ತು. ಒಮ್ಮೆ 19-20 ಗಂಟೆಯಲ್ಲೇ ಮುಗಿಯುತ್ತದೆ, ಒಮ್ಮೆ 26 ಗಂಟೆಯವರೆಗೂ ಎಳೆಯುತ್ತದೆ. ಅದು ಶುರುವಾಗುವುದು ಮಧ್ಯಾಹ್ನವೂ ಆಗಬಹುದು, ನಡುರಾತ್ರಿಯೂ ಆಗಬಹುದು. ಹಾಗಾಗಿ ಒಂದೊಂದು ವ್ರತಕ್ಕೂ ಒಂದೊಂದು ಗಡಿಯಾರವಿದೆ. ಯುಗಾದಿಗೆ ಸೂರ್ಯೋದಯದಲ್ಲಿ ಪಾಡ್ಯ ಇದೆಯಾ ಎಂದು ನೋಡುತ್ತೇವೆ. ಗಣೇಶನಿಗೆ ಮಧ್ಯಾಹ್ನ ಚೌತಿ ಇರಬೇಕು. ಪ್ರದೋಷಕ್ಕೆ ಸೂರ್ಯ ಮುಳುಗುವಾಗ ತ್ರಯೋದಶಿ, ಸಂಕಷ್ಟಿಗೆ ಚಂದ್ರ ಹುಟ್ಟುವಾಗ ಚೌತಿ, ಶಿವರಾತ್ರಿಗೆ ನಡುರಾತ್ರಿ ಚತುರ್ದಶಿ.

2026ರ ಸೆಪ್ಟೆಂಬರ್ 29 ನೋಡಿ. ಅಂದು ಮಂಗಳವಾರ, ಬೆಳಗ್ಗೆ ಎದ್ದಾಗ ಇನ್ನೂ ತದಿಗೆ. ಚೌತಿ ಶುರುವಾಗುವುದು ಸಂಜೆ 5ರ ಸುಮಾರಿಗೆ. ಚಂದ್ರ ಹುಟ್ಟುವುದು ರಾತ್ರಿ 8ರ ಆಸುಪಾಸು. ಆ ಹೊತ್ತಿಗೆ ಚೌತಿ ಇದೆ, ಆದ್ದರಿಂದ ಅಂದೇ ಸಂಕಷ್ಟಿ. ಮಂಗಳವಾರವಾದ್ದರಿಂದ ಅಂಗಾರಕ ಸಂಕಷ್ಟಿ. ಬರೀ ಬೆಳಗಿನ ತಿಥಿ ನೋಡಿ ಶೀಟು ತುಂಬಿದವರು ಇದನ್ನು 30ರ ಬುಧವಾರಕ್ಕೆ ಹಾಕುತ್ತಾರೆ. ವರ್ಷದಲ್ಲಿ ಎರಡು-ಮೂರೇ ಬರುವ ಅಂಗಾರಕ ಹಾಗೇ ತಪ್ಪಿಹೋಗುತ್ತದೆ.

2026ರಲ್ಲಿ ಗೌರಿ ಹಬ್ಬ, ಗಣೇಶನ ಹಬ್ಬ ಒಂದೇ ದಿನ ಅಂತಿದ್ದಾರೆ. ನಿಜವಾ? ಪೋಸ್ಟ್ ಹೇಗೆ ಹಂಚಬೇಕು?

ದೃಗ್ಗಣಿತದ ಲೆಕ್ಕದಲ್ಲಿ ನಿಜ. ಭಾದ್ರಪದ ಶುಕ್ಲ ತದಿಗೆ ಸೆಪ್ಟೆಂಬರ್ 13ರ ಭಾನುವಾರ ಬೆಳಗ್ಗೆ 7 ದಾಟಿದ ಮೇಲೆ ಶುರುವಾಗುತ್ತದೆ. ಆ ಹೊತ್ತಿಗಾಗಲೇ ಸೂರ್ಯ ಹುಟ್ಟಿಯಾಗಿದೆ, ಅಂದು ಸೂರ್ಯೋದಯಕ್ಕೆ ಬಿದಿಗೆ. ಮರುದಿನ ಸೋಮವಾರ ಸೂರ್ಯೋದಯ 6 ದಾಟಿ ಹತ್ತು ನಿಮಿಷದೊಳಗೆ, ಆಗ ತದಿಗೆ ಇದೆ. 7 ದಾಟುತ್ತಿದ್ದಂತೆ ತದಿಗೆ ಮುಗಿದು ಚೌತಿ. ಆ ಚೌತಿ ಮಧ್ಯಾಹ್ನ ಪೂರ್ತಿ ಇರುತ್ತದೆ. ಬೆಳಗಿನ ತದಿಗೆಯಿಂದ ಗೌರಿಗೂ ಅದೇ ದಿನ, ಮಧ್ಯಾಹ್ನದ ಚೌತಿಯಿಂದ ಗಣೇಶನಿಗೂ ಅದೇ ದಿನ.

ಪ್ರತಿ ವರ್ಷದ 'ಇವತ್ತು ಗೌರಿ, ನಾಳೆ ಗಣಪ' ಎಂಬ ಎರಡು ದಿನದ ಅಚ್ಚು ಇಲ್ಲಿ ನಡೆಯುವುದಿಲ್ಲ. ನಾನಾದರೆ ಹೀಗೆ ಹಂಚುತ್ತೇನೆ. ಸೆಪ್ಟೆಂಬರ್ 5ರ ಶನಿವಾರ ಒಂದೇ ಸಾಲಿನ ಪ್ರಕಟಣೆ: ಈ ಸಲ ಎರಡೂ ಸೋಮವಾರ 14ಕ್ಕೆ, ಕಾರಣ ಇದು. ಇದನ್ನು ಬೇಗ ಹೇಳಲೇಬೇಕು. ತವರಿಗೆ ಹೋಗುವವರು ಬಸ್ ಬುಕ್ ಮಾಡಬೇಕು, ಬಾಗಿನ ಕೊಡಲು ಬರುವ ಅಣ್ಣತಮ್ಮಂದಿರು ರಜೆ ಹಾಕಬೇಕು.

8ರ ಮಂಗಳವಾರ ಬಾಗಿನದ ಪಟ್ಟಿ: ಜೋಡಿ ಮೊರ, ಅರಿಸಿನ, ಕುಂಕುಮ, ಬಳೆ, ಬಿಚ್ಚೋಲೆ, ಕನ್ನಡಿ, ಬಾಚಣಿಗೆ, ರವಿಕೆ ಕಣ, ಅಕ್ಕಿ, ತೊಗರಿಬೇಳೆ, ಬೆಲ್ಲದಚ್ಚು, ತೆಂಗಿನಕಾಯಿ. ಜೊತೆಗೆ 16 ಗಂಟಿನ ಗೌರಿ ದಾರ. ಇದನ್ನು ಚಿತ್ರವಾಗಿ ಹಾಕುವ ಬದಲು ಬರೆದು ಹಾಕಿ. ಬರಹವಾದರೆ ಅಂಗಡಿಗೆ ಕಾಪಿ ಮಾಡಿ ಕಳಿಸುತ್ತಾರೆ.

12ರ ಶನಿವಾರ ಗೌರಿ ಪೂಜೆಯ ಕ್ರಮ. 13ರ ಭಾನುವಾರ ಬೆಳಗ್ಗೆ ಗಣೇಶನ ಪೂಜೆಯ ಕ್ರಮ, ಸಂಜೆ ಮರುದಿನದ ವೇಳಾಪಟ್ಟಿ. 14ರಂದು ಬೆಳಗಿನ ಜಾವ ಒಂದೇ ಪೋಸ್ಟ್ ಸಾಕು. ಅಂದು ಹೆಂಗಸರ ಕೈ ಒಂದು ಕ್ಷಣ ಬಿಡುವಿರುವುದಿಲ್ಲ, ಯಾರೂ ಮೊಬೈಲ್ ನೋಡುವುದಿಲ್ಲ.

ಸಂಜೆ 5ಕ್ಕೆ ಮಾತ್ರ ಇನ್ನೊಂದು ಬೇಕು: ಚೌತಿ ಚಂದ್ರನನ್ನು ನೋಡಬಾರದು ಅನ್ನುವ ನೆನಪು, ಕೆಳಗೆ ಶ್ಯಮಂತಕ ಮಣಿಯ ಕಥೆ. ಕತ್ತಲಾದ ಮೇಲೆ ಹಾಕಿದರೆ ಅಷ್ಟರಲ್ಲಿ ನೋಡಿ ಆಗಿರುತ್ತದೆ. ಆದರೂ ಕಥೆಯನ್ನು ರಾತ್ರಿ ಪಿನ್ ಮಾಡಿಟ್ಟಿರಿ. ನೋಡಿಬಿಟ್ಟವರು ಹುಡುಕಿಕೊಂಡು ಬರುತ್ತಾರೆ.

ತಿಥಿ ಸೂರ್ಯೋದಯವನ್ನೇ ಮುಟ್ಟದಿದ್ದರೆ?

ಅದು ಕ್ಷಯ ತಿಥಿ. 2026ರ ಯುಗಾದಿಯೇ ಉದಾಹರಣೆ. ಮಾರ್ಚ್ 19ರ ಬೆಳಗ್ಗೆ ಸುಮಾರು 6:52ರವರೆಗೂ ಅಮಾವಾಸ್ಯೆ. ಬೆಂಗಳೂರಿನಲ್ಲಿ ಸೂರ್ಯ ಹುಟ್ಟುವುದು ಅದಕ್ಕೂ ಮುಂಚೆ. ಪಾಡ್ಯ ಮುಗಿಯುವುದು 20ರ ಬೆಳಗಿನ ಜಾವ 5ಕ್ಕೂ ಮುಂಚೆ, ಆ ದಿನ ಇನ್ನೂ ಸೂರ್ಯ ಹುಟ್ಟಿರುವುದಿಲ್ಲ. ಅಂದರೆ ಪಾಡ್ಯಕ್ಕೆ ಸೂರ್ಯೋದಯವೇ ಸಿಗಲಿಲ್ಲ. ಇಂಥ ಕಡೆ ಪಾಡ್ಯ ಇಡೀ ಹಗಲು ಇರುವ 19ಕ್ಕೇ ಯುಗಾದಿ.

ಚಾನೆಲ್ ನಡೆಸುವವರಿಗೆ ಇದರಿಂದ ಒಂದು ಕೆಲಸ. 'ಅಮಾವಾಸ್ಯೆ ದಿನ ಎಣ್ಣೆಸ್ನಾನ ಹೇಗೆ?' ಎಂಬ ಪ್ರಶ್ನೆ ಬಂದೇ ಬರುತ್ತದೆ. ಕ್ಯಾಲೆಂಡರ್ ನೋಡಿದವರಿಗೆ ಅಂದು ಅಮಾವಾಸ್ಯೆ ಅಂತಲೂ ಕಾಣುತ್ತದೆ, ಯುಗಾದಿ ಅಂತಲೂ ಕಾಣುತ್ತದೆ. ಶೀಟಿನಲ್ಲಿ ಕ್ಷಯ ತಿಥಿ ಬಂದ ಹಬ್ಬಗಳಿಗೆ ಕೆಂಪು ಬಣ್ಣ ಹಾಕಿ, ಎರಡು ದಿನ ಮುಂಚೆ ಒಂದು ವಿವರಣೆ ಇಟ್ಟುಕೊಳ್ಳಿ.

ಏಕಾದಶಿ ಬಂದಾಗಲೆಲ್ಲ 'ಇವತ್ತಾ, ನಾಳೆನಾ?' ಅಂತ ಜಗಳ. ಏನು ಮಾಡೋದು?

ಜಗಳಕ್ಕೆ ಕಾರಣ ಎರಡು ಬೇರೆ ಬೇರೆ ನಿಯಮಗಳು. ಇಬ್ಬರೂ ಸರಿ. ಸ್ಥೂಲವಾಗಿ ಹೇಳುವುದಾದರೆ ಸ್ಮಾರ್ತರು ಸೂರ್ಯೋದಯಕ್ಕೆ ಏಕಾದಶಿ ಇದೆಯಾ ಎಂದು ನೋಡುತ್ತಾರೆ. ವೈಷ್ಣವರು, ಮಾಧ್ವರು ಅದಕ್ಕೂ ಹಿಂದೆ ಹೋಗಿ ಅರುಣೋದಯವನ್ನು ನೋಡುತ್ತಾರೆ. ಅರುಣೋದಯ ಎಂದರೆ ಸೂರ್ಯೋದಯಕ್ಕೆ 4 ಘಳಿಗೆ ಮುಂಚೆ. ಘಳಿಗೆಗೆ 24 ನಿಮಿಷದಂತೆ 96 ನಿಮಿಷ.

ಸೂರ್ಯೋದಯ 6:10 ಎಂದಿಟ್ಟುಕೊಳ್ಳಿ. ಅರುಣೋದಯ 4:34. ದಶಮಿ ರಾತ್ರಿಯೇ ಮುಗಿದಿದ್ದರೆ ಸಾಮಾನ್ಯವಾಗಿ ಇಬ್ಬರಿಗೂ ಒಂದೇ ದಿನ. ದಶಮಿ 5:15ರವರೆಗೆ ಎಳೆದರೆ ಸೂರ್ಯೋದಯಕ್ಕೇನೋ ಏಕಾದಶಿ ಇದೆ, ಸ್ಮಾರ್ತರಿಗೆ ಅಂದೇ ಉಪವಾಸ. ಆದರೆ ಅರುಣೋದಯದಲ್ಲಿ ದಶಮಿ ಮುಟ್ಟಿತು. ಅದು ದಶಮೀ ವೇಧೆ. ವೈಷ್ಣವರಿಗೆ ಉಪವಾಸ ಮರುದಿನ.

ಶೀಟಿನಲ್ಲಿ ಏಕಾದಶಿಗೆ ಎರಡು ಸಾಲು ಇಡಿ. ದಶಮಿ ಮುಗಿಯುವ ಹೊತ್ತನ್ನೂ ಬರೆದುಕೊಳ್ಳಿ. ಅದು ಬೆಳಗಿನ 4:30ರಿಂದ 6:30ರ ನಡುವೆ ಬಿದ್ದರೆ ಎರಡು ದಿನ ಆಗುವ ಸೂಚನೆ ಅಂತ ತಿಳಿಯಿರಿ. ಪೋಸ್ಟಿನಲ್ಲಿ 'ಸ್ಮಾರ್ತ ಏಕಾದಶಿ', 'ವೈಷ್ಣವ ಏಕಾದಶಿ' ಎಂದು ಎರಡನ್ನೂ ಒಟ್ಟಿಗೆ, ಒಂದೇ ಚಿತ್ರದಲ್ಲಿ ಹಾಕಿ. ಬೇರೆ ಬೇರೆ ಚಿತ್ರ ಮಾಡಿದರೆ ಒಂದು ಮಾತ್ರ ಫಾರ್ವರ್ಡ್ ಆಗಿ ಹೋಗುತ್ತದೆ.

ಹೊತ್ತೂ ಮುಖ್ಯ. ಏಕಾದಶಿ ಬೆಳಗ್ಗೆ ನೆನಪಿಸಿದರೆ ಏನೂ ಪ್ರಯೋಜನ ಇಲ್ಲ. ದಶಮಿ ಮಧ್ಯಾಹ್ನಕ್ಕೇ ಹಾಕಿ. ಸಂಜೆ ದೋಸೆಗೆ ರುಬ್ಬುವವರಿಗೆ ಅಕ್ಕಿ ನೆನೆಹಾಕುವ ಮೊದಲೇ ಗೊತ್ತಾಗಬೇಕು.

ಪಾರಣೆಯ ಹೊತ್ತನ್ನು ಏಕಾದಶಿ ರಾತ್ರಿ 8ಕ್ಕೆ ಹಾಕಿ. ದ್ವಾದಶಿಯ ಮೊದಲ ಕಾಲುಭಾಗ ಹರಿವಾಸರ, ಆಗ ಊಟ ಇಲ್ಲ. ದ್ವಾದಶಿ ಮುಗಿಯುವುದರೊಳಗೆ ಪಾರಣೆ ಆಗಬೇಕು. ಕೆಲವು ಸಲ ದ್ವಾದಶಿ ಸೂರ್ಯೋದಯವಾದ ಅರ್ಧ-ಮುಕ್ಕಾಲು ಗಂಟೆಗೇ ಮುಗಿದುಬಿಡುತ್ತದೆ. ಅಂಥ ದಿನ ಬೆಳಗ್ಗೆ 7ಕ್ಕೆ ಬರುವ ಪೋಸ್ಟ್ ಯಾರಿಗೂ ಬೇಡ.

ಉಪವಾಸದ ಪೋಸ್ಟಿನ ಕೊನೆಗೆ ಒಂದು ಸಾಲು ಸೇರಿಸಿ: ಸಕ್ಕರೆ ಕಾಯಿಲೆಯ ಮಾತ್ರೆ, ಇನ್ಸುಲಿನ್ ತೆಗೆದುಕೊಳ್ಳುವವರು ವೈದ್ಯರನ್ನು ಕೇಳದೆ ನಿರಾಹಾರ ಮಾಡಬೇಡಿ.

ಯಾವ ಪಂಚಾಂಗ ನಂಬಬೇಕು?

ನಿಮ್ಮ ಓದುಗರ ಮನೆಯಲ್ಲಿ ಯಾವುದಿದೆಯೋ ಅದು. ಮೈಸೂರು ಕಡೆ ಒಂಟಿಕೊಪ್ಪಲ್ ಪಂಚಾಂಗ ಮನೆಮನೆಯಲ್ಲೂ ಇದೆ. ಮಾಧ್ವರು ತಮ್ಮ ತಮ್ಮ ಮಠದ ಪಂಚಾಂಗ ನೋಡುತ್ತಾರೆ. ಉತ್ತರಾದಿ ಮಠದ್ದು ಬೇರೆ, ಮಂತ್ರಾಲಯದ ರಾಯರ ಮಠದ್ದು ಬೇರೆ. ಹಳೆಯ ಸೂರ್ಯಸಿದ್ಧಾಂತದ ಲೆಕ್ಕಕ್ಕೂ ಆಕಾಶಕ್ಕೆ ಸರಿಹೊಂದುವ ದೃಗ್ಗಣಿತಕ್ಕೂ ತಿಥಿಯ ಹೊತ್ತಿನಲ್ಲಿ ಕೆಲವು ಗಂಟೆಗಳವರೆಗೂ ವ್ಯತ್ಯಾಸ ಬರುತ್ತದೆ. ಮೊಬೈಲ್ ಆ್ಯಪ್‌ಗಳು ಹೆಚ್ಚಾಗಿ ದೃಗ್ಗಣಿತದವು. ಸೂರ್ಯೋದಯದ ತಿಥಿ ನೋಡುವ ಹಬ್ಬಗಳಲ್ಲಿ, ತಿಥಿ ಮಧ್ಯಾಹ್ನ ಬದಲಾಗುವ ದಿನ ಈ ವ್ಯತ್ಯಾಸ ಯಾರಿಗೂ ಕಾಣುವುದಿಲ್ಲ. ಸೂರ್ಯೋದಯದ ಹತ್ತಿರ ಬದಲಾಗುವ ದಿನ ಮಾತ್ರ ಹಬ್ಬವೇ ಒಂದು ದಿನ ಆಚೀಚೆ ಆಗುತ್ತದೆ.

ಒಂದನ್ನು ಆರಿಸಿ, ಅದರ ಹೆಸರನ್ನು ಪ್ರತಿ ಚಿತ್ರದ ಕೆಳಗೆ ಬರೆಯಿರಿ. ಗೌರಿಗೆ ಒಂದು, ಏಕಾದಶಿಗೆ ಇನ್ನೊಂದು ಅಂತ ಅನುಕೂಲಕ್ಕೆ ತಕ್ಕಂತೆ ಬದಲಿಸುವುದು ಎಲ್ಲಕ್ಕಿಂತ ಕೆಟ್ಟದ್ದು.

ಪಂಚಾಂಗದಲ್ಲಿ ಘಳಿಗೆ-ವಿಘಳಿಗೆ ಇದೆ. ಗಂಟೆಗೆ ಹೇಗೆ ಬದಲಿಸುವುದು?

ತಿಥಿಯ ಮುಂದಿನ ಅಂಕಿ ಅದು ಸೂರ್ಯೋದಯದಿಂದ ಎಷ್ಟು ಹೊತ್ತು ಇರುತ್ತದೆ ಎಂಬುದು. 1 ಘಳಿಗೆ 24 ನಿಮಿಷ, 1 ವಿಘಳಿಗೆ 24 ಸೆಕೆಂಡು. 'ತದಿಗೆ 2-30' ಎಂದಿದ್ದರೆ ಸೂರ್ಯೋದಯದಿಂದ ಸರಿಯಾಗಿ ಒಂದು ಗಂಟೆ. ಸೂರ್ಯೋದಯ 6:08 ಆದರೆ 7:08ಕ್ಕೆ ತದಿಗೆ ಮುಗಿಯಿತು. ಶೀಟಿನ B ಕಾಲಂನಲ್ಲಿ ಸೂರ್ಯೋದಯ, C ಯಲ್ಲಿ ಘಳಿಗೆ, D ಯಲ್ಲಿ ವಿಘಳಿಗೆ ಹಾಕಿಕೊಂಡರೆ:

```
=B2+(C2*24+D2*0.4)/1440
```

ಆ ಕಾಲಂಗೆ ಸಮಯದ ಫಾರ್ಮ್ಯಾಟ್ ಕೊಡಿ. ಫಲಿತಾಂಶ ನಡುರಾತ್ರಿ ದಾಟಿದರೆ ಅದು ಮರುದಿನದ ಬೆಳಗಿನ ಜಾವ. ಕೆಲವು ಆ್ಯಪ್‌ಗಳು ಇದನ್ನೇ 28:52 ಎಂದು ತೋರಿಸುತ್ತವೆ. 24 ಕಳೆಯಿರಿ, ಮರುದಿನ ಬೆಳಗಿನ 4:52. ಪಂಚಾಂಗದ ದಿನ ಬದಲಾಗುವುದು ಸೂರ್ಯೋದಯಕ್ಕೆ, ಯೂಟ್ಯೂಬ್‌ನ ದಿನ ಬದಲಾಗುವುದು ನಡುರಾತ್ರಿಗೆ. ಶೆಡ್ಯೂಲ್ ಮಾಡುವಾಗ ಒಂದು ದಿನ ತಪ್ಪುವುದು ಇಲ್ಲೇ.

ಹಬ್ಬಕ್ಕೆ ಎಷ್ಟು ದಿನ ಮುಂಚೆ ಪೋಸ್ಟ್ ಹಾಕಬೇಕು?

ಹಬ್ಬದ ದಿನದಿಂದ ಎಣಿಸಬೇಡಿ, ಮನೆಯವರು ಕೆಲಸ ಶುರು ಮಾಡುವ ದಿನದಿಂದ ಎಣಿಸಿ. ಸಂಕಷ್ಟಿಗೆ ಹಿಂದಿನ ಸಂಜೆ ಒಂದು ನೆನಪು, ಆ ದಿನ ಮಧ್ಯಾಹ್ನ 4ಕ್ಕೆ ಚಂದ್ರೋದಯದ ಸಮಯ. ಇಷ್ಟೇ. ವರಮಹಾಲಕ್ಷ್ಮಿಗೆ 10 ದಿನ ಮುಂಚೆಯೇ ಹುಡುಕಾಟ ಶುರು. ಕಳಶಕ್ಕೆ ಸೀರೆ ಉಡಿಸುವ ವಿಡಿಯೋ ಹಿಂದಿನ ದಿನ ಹಾಕಿದರೆ ತಡವಾಯಿತು. ಕಾರ್ತಿಕದ ದೀಪದ ಪೋಸ್ಟ್ ಸಂಜೆ 5ಕ್ಕೆ, ಧನುರ್ಮಾಸದ್ದು ಹಿಂದಿನ ರಾತ್ರಿ. ಹುಗ್ಗಿಗೆ ಇಡುವವರು ನಸುಕಿಗೇ ಎದ್ದಿರುತ್ತಾರೆ.

ಅಧಿಕ ಮಾಸದಲ್ಲಿ ಹಬ್ಬವೇ ಇಲ್ಲ. ಚಾನೆಲ್ ಖಾಲಿ ಬಿಡೋದಾ?

ಹಬ್ಬಗಳು ನಿಜ ಮಾಸಕ್ಕೆ ಹೋಗುತ್ತವೆ, ಮದುವೆ-ಗೃಹಪ್ರವೇಶಗಳೂ ಇರುವುದಿಲ್ಲ. ಆದರೆ ದಾನ, ವ್ರತ, ಪಾರಾಯಣಕ್ಕೆ ಇದು ಪುರುಷೋತ್ತಮ ಮಾಸ. 33 ಅಪೂಪ ದಾನದ ಬಗ್ಗೆ ಕೇಳುವವರು ಈ ತಿಂಗಳು ಜಾಸ್ತಿ. ಅಪೂಪಕ್ಕೆ ಅತಿರಸ ಮಾಡುವ ವಿಧಾನ, ಕೊಡುವ ಕ್ರಮ ಇವನ್ನೇ ನಾಲ್ಕು ಪೋಸ್ಟ್ ಮಾಡಬಹುದು. ಏಕಾದಶಿಗಳು ಅಧಿಕದಲ್ಲೂ ಬರುತ್ತವೆ: ಶುಕ್ಲದ್ದು ಪದ್ಮಿನಿ, ಕೃಷ್ಣದ್ದು ಪರಮಾ. ಇವು ಪ್ರತಿ ವರ್ಷದ ಪಟ್ಟಿಯಲ್ಲಿ ಇಲ್ಲದ ಹೆಸರುಗಳು, ಹಳೆಯ ಟೆಂಪ್ಲೇಟಿನಲ್ಲಿ ಸಿಗುವುದಿಲ್ಲ.

ಜಾಗ್ರತೆ ಬೇಕಾದದ್ದು ವಟಸಾವಿತ್ರಿಗೆ. ನಮ್ಮ ಕಡೆ ಅದು ಜ್ಯೇಷ್ಠ ಹುಣ್ಣಿಮೆಗೆ. ಮೇ 31ರ ಹುಣ್ಣಿಮೆ ಅಧಿಕದ್ದು, ಜೂನ್ 29ರದ್ದು ನಿಜದ್ದು. ಪೋಸ್ಟ್ ಹೋಗಬೇಕಾದದ್ದು ಎರಡನೆಯದಕ್ಕೆ.

ಉತ್ತರದವರ ಚಾನೆಲ್‌ನಲ್ಲಿ ಶ್ರಾವಣ ಆಗಲೇ ಶುರುವಾಗಿದೆ. ನಾವು ಹಿಂದೆ ಬಿದ್ದಿದ್ದೇವಾ?

ಇಲ್ಲ. ನಮ್ಮಲ್ಲಿ ಮಾಸ ಮುಗಿಯುವುದು ಅಮಾವಾಸ್ಯೆಗೆ, ಅವರಲ್ಲಿ ಹುಣ್ಣಿಮೆಗೆ. ಹಾಗಾಗಿ ಅವರ ಶ್ರಾವಣ 2026ರ ಜುಲೈ 30ಕ್ಕೆ ಶುರು, ನಮ್ಮದು ಆಗಸ್ಟ್ 13ಕ್ಕೆ. ಶುಕ್ಲಪಕ್ಷದ ಹಬ್ಬಗಳಿಗೆ ಎರಡೂ ಕಡೆ ಒಂದೇ ಮಾಸದ ಹೆಸರು. ಕೃಷ್ಣಪಕ್ಷದಲ್ಲಿ ಮಾತ್ರ ಹೆಸರು ಬೇರೆ, ದಿನ ಒಂದೇ. ಶಿವರಾತ್ರಿ ನಮಗೆ ಮಾಘ, ಅವರಿಗೆ ಫಾಲ್ಗುಣ. ಕೃಷ್ಣಾಷ್ಟಮಿ ನಮಗೆ ಶ್ರಾವಣ, ಅವರಿಗೆ ಭಾದ್ರಪದ.

ಹಿಂದಿಯಿಂದ ರೆಡಿಮೇಡ್ ಪೋಸ್ಟರ್ ತಂದು ಕನ್ನಡ ಅಕ್ಷರ ಕೂರಿಸುವವರು ಇಲ್ಲಿ ಸಿಕ್ಕಿಬೀಳುತ್ತಾರೆ. 'ಮೊದಲ ಶ್ರಾವಣ ಸೋಮವಾರ' ಅಂತ ಆಗಸ್ಟ್ 3ಕ್ಕೆ ಹಾಕಿದರೆ ನಮ್ಮವರಿಗೆ ಅದಿನ್ನೂ ಆಷಾಢ. ನಮ್ಮ ಮಂಗಳಗೌರಿಯ ಮಂಗಳವಾರಗಳು ಆಗಸ್ಟ್ 18, 25, ಸೆಪ್ಟೆಂಬರ್ 1 ಮತ್ತು 8.

ವರಮಹಾಲಕ್ಷ್ಮಿ 2026ಕ್ಕೆ ಯಾವ ಶುಕ್ರವಾರ?

ಶ್ರಾವಣದ ಶುಕ್ರವಾರಗಳು ಆಗಸ್ಟ್ 14, 21, 28 ಹೀಗೆ ಹೋಗುತ್ತವೆ. 'ಎರಡನೇ ಶುಕ್ರವಾರ' ಎನ್ನುವವರಿಗೆ 21. 'ಹುಣ್ಣಿಮೆಗೆ ಹತ್ತಿರದ ಶುಕ್ರವಾರ' ಎನ್ನುವವರಿಗೆ 28, ಯಾಕೆಂದರೆ ಈ ಸಲ ಹುಣ್ಣಿಮೆಯೇ ಶುಕ್ರವಾರ. 'ಹುಣ್ಣಿಮೆಗೆ ಹಿಂದಿನ ಶುಕ್ರವಾರ' ಎಂದರೆ ಮತ್ತೆ 21. ನೀವು ಆರಿಸಿದ ಪಂಚಾಂಗ ಹೇಳುವುದನ್ನು ಹಾಕಿ, ಇನ್ನೊಂದು ದಿನ ಮಾಡುವವರೂ ಇದ್ದಾರೆ ಎಂದು ಒಂದು ಸಾಲು ಬರೆಯಿರಿ. ಪೂಜೆಯ ತಯಾರಿಯ ಪೋಸ್ಟುಗಳನ್ನು ಮೊದಲ ದಿನಾಂಕಕ್ಕೇ ಹೊಂದಿಸಿ. 28ಕ್ಕೆ ಮಾಡುವವರಿಗೆ ಬೇಗ ಸಿಕ್ಕರೆ ನಷ್ಟವಿಲ್ಲ.

ದೀಪಾವಳಿಯ ಮೂರು ದಿನ ಸಾಲಾಗಿ ಶೆಡ್ಯೂಲ್ ಮಾಡಿಬಿಡಲಾ?

ಈ ಸಲ ಸಾಲಾಗಿಲ್ಲ. ನವೆಂಬರ್ 8ರ ಭಾನುವಾರ ಬೆಳಗಿನ ಜಾವ ನರಕ ಚತುರ್ದಶಿಯ ಎಣ್ಣೆಸ್ನಾನ. ಅದೇ ದಿನ ಮಧ್ಯಾಹ್ನದ ಹೊತ್ತಿಗೆ ಅಮಾವಾಸ್ಯೆ ಶುರುವಾಗುವುದರಿಂದ ಸಂಜೆ ಲಕ್ಷ್ಮೀಪೂಜೆ. ಅಮಾವಾಸ್ಯೆ 9ರ ಮಧ್ಯಾಹ್ನ 12:30ರವರೆಗೆ ಇದೆ, ಹಾಗಾಗಿ ಬಲಿಪಾಡ್ಯಮಿ 10ಕ್ಕೆ. ನಡುವಿನ ಸೋಮವಾರ ಖಾಲಿ. ನೀರು ತುಂಬುವ ಪೋಸ್ಟ್ 7ರ ಸಂಜೆಗೆ ಹೋಗಬೇಕು, 8ಕ್ಕೆ ಎರಡು ಪೋಸ್ಟ್, 9ಕ್ಕೆ ಗೋಪೂಜೆ, ಬಲೀಂದ್ರನ ತಯಾರಿ.

ಯಾವುದನ್ನು ಒಮ್ಮೆ ಮಾಡಿಟ್ಟು ಪ್ರತಿ ವರ್ಷ ಬಳಸಬಹುದು?

ಸೂರ್ಯನ ಲೆಕ್ಕದವನ್ನು. ಧನುರ್ಮಾಸ ಡಿಸೆಂಬರ್ 16ರ ಹೊತ್ತಿಗೆ ಶುರುವಾಗಿ ಸಂಕ್ರಾಂತಿಗೆ ಮುಗಿಯುತ್ತದೆ. 30 ದಿನದ ಸರಣಿಯನ್ನು ಒಮ್ಮೆ ಚೆನ್ನಾಗಿ ಮಾಡಿದರೆ ವರ್ಷಗಟ್ಟಲೆ ನಡೆಯುತ್ತದೆ. ತಲಕಾವೇರಿಯ ತುಲಾ ಸಂಕ್ರಮಣ ಅಕ್ಟೋಬರ್ 17ರ ಸುಮಾರಿಗೆ. ತೀರ್ಥೋದ್ಭವದ ಗಳಿಗೆ ಮಾತ್ರ ಪ್ರತಿ ವರ್ಷ ಬೇರೆ. ಅದನ್ನು ದೇವಸ್ಥಾನದವರು ತಿಳಿಸಿದ ಮೇಲೆ ಹಾಕಿ.

ಸಂಕ್ರಾಂತಿಯನ್ನೂ ಕಣ್ಣುಮುಚ್ಚಿ ಜನವರಿ 14 ಎನ್ನಬೇಡಿ. ಸೂರ್ಯ ಮಕರಕ್ಕೆ ಬರುವ ಹೊತ್ತು ವರ್ಷಕ್ಕೆ ಸುಮಾರು 6 ಗಂಟೆ ಮುಂದೆ ಹೋಗುತ್ತದೆ, ಫೆಬ್ರವರಿ 29 ಬಂದ ವರ್ಷದ ಮರುವರ್ಷ ಹಿಂದೆ ಬರುತ್ತದೆ. 2026ರಲ್ಲಿ ಮಧ್ಯಾಹ್ನ 3 ದಾಟಿ ಬಂತು. 2027ರಲ್ಲಿ ರಾತ್ರಿ 9 ದಾಟುತ್ತದೆ, ಪುಣ್ಯಕಾಲ ಮರುದಿನ 15ಕ್ಕೆ ಹೋಗುತ್ತದೆ.

ಚಾತುರ್ಮಾಸ್ಯದ ಅಡುಗೆಗಳೂ ಹೀಗೆಯೇ. ದಿನಾಂಕ ಸರಿಯುತ್ತದೆ, ಸರಣಿ ಬದಲಾಗುವುದಿಲ್ಲ. ಮೊದಲ ತಿಂಗಳು ಶಾಕವ್ರತ, ತರಕಾರಿ ಇಲ್ಲ. ಎರಡನೆಯದು ದಧಿವ್ರತ, ಮೊಸರಿಲ್ಲ. ಮೂರನೆಯದು ಕ್ಷೀರವ್ರತ, ಹಾಲಿಲ್ಲ. ನಾಲ್ಕನೆಯದು ದ್ವಿದಳ, ಬೇಳೆಕಾಳಿಲ್ಲ. ಬೇಳೆಯಿಲ್ಲದ ತಿಂಗಳಲ್ಲಿ ಸಾರಿಗೆ ಏನು ಮಾಡೋದು ಎಂಬ ಒಂದು ಪೋಸ್ಟಿಗೆ ಸಿಗುವ ಓದುಗರು ಹತ್ತು ಶುಭಾಶಯದ ಚಿತ್ರಕ್ಕೂ ಸಿಗುವುದಿಲ್ಲ.

ಎಲ್ಲ ತಿಥಿಗೂ ಪೋಸ್ಟ್ ಹಾಕಬೇಕಾ?

ಬೇಡ. ಅಧಿಕ ಮಾಸವಿಲ್ಲದ ವರ್ಷದಲ್ಲೇ ಏಕಾದಶಿ 24, ಪ್ರದೋಷ 24, ಸಂಕಷ್ಟಿ, ಹುಣ್ಣಿಮೆ, ಅಮಾವಾಸ್ಯೆ ತಲಾ 12. ಹಬ್ಬ ಬಿಟ್ಟೇ 84. ಜನ ಚಾನೆಲ್ಲನ್ನು ಮ್ಯೂಟ್ ಮಾಡುತ್ತಾರೆ, ಆಮೇಲೆ ಬೇಕಾದ ಪೋಸ್ಟೂ ಕಾಣುವುದಿಲ್ಲ. ಪ್ರದೋಷದಲ್ಲಿ ಸೋಮ ಪ್ರದೋಷ, ಶನಿ ಪ್ರದೋಷ ಮಾತ್ರ ಹಾಕಿ. ಉಳಿದದ್ದನ್ನು ತಿಂಗಳ ಮೊದಲ ದಿನ ಒಂದೇ ಪಟ್ಟಿಯಲ್ಲಿ ಕೊಟ್ಟುಬಿಡಿ.

ಗ್ರಹಣ ಬಂದರೆ?

ಮೊದಲು ನೋಡಬೇಕಾದದ್ದು ಇಲ್ಲಿ ಕಾಣುತ್ತದಾ ಎಂಬುದು. ಕಾಣದ ಗ್ರಹಣಕ್ಕೆ ಆಚರಣೆ ಇಲ್ಲ ಎನ್ನುವುದು ರೂಢಿ. 2026ರ ಆಗಸ್ಟ್ 12ರ ಭೀಮನ ಅಮಾವಾಸ್ಯೆ ದಿನವೇ ಸೂರ್ಯಗ್ರಹಣ, ಆಗಸ್ಟ್ 28ರ ಹುಣ್ಣಿಮೆಗೆ ಚಂದ್ರಗ್ರಹಣ. ಎರಡೂ ಭಾರತದಲ್ಲಿ ಕಾಣುವುದಿಲ್ಲ. ಆದರೂ 'ಪೂಜೆ ಮಾಡಬಹುದಾ?' ಎಂದು ಪ್ರಶ್ನೆಗಳ ಮಳೆ ಸುರಿಯುತ್ತದೆ. ನಾಲ್ಕು ದಿನ ಮುಂಚೆ 'ಇಲ್ಲಿ ಕಾಣುವುದಿಲ್ಲ, ಪೂಜೆ ಎಂದಿನಂತೆ' ಎಂಬ ಒಂದು ಪೋಸ್ಟ್ ಪಿನ್ ಮಾಡಿ.

ಹಳೆಯ ಪೋಸ್ಟ್ ಮರುವರ್ಷ ಫಾರ್ವರ್ಡ್ ಆಗಿ ತಿರುಗುತ್ತದೆ. ತಡೆಯೋದು ಹೇಗೆ?

ತಡೆಯಲಾಗುವುದಿಲ್ಲ, ಗುರುತು ಹಾಕಬಹುದು. ಚಿತ್ರದಲ್ಲಿ 'ನಾಳೆ ಸಂಕಷ್ಟಿ' ಎಂದು ಬರೆಯಲೇಬೇಡಿ. 'ಮಂಗಳವಾರ, 29 ಸೆಪ್ಟೆಂಬರ್ 2026, ಬೆಂಗಳೂರು' ಎಂದು ವಾರ, ವರ್ಷ, ಊರು ಮೂರನ್ನೂ ಬರೆಯಿರಿ. ಚಾನೆಲ್‌ನಲ್ಲಿ ತಿದ್ದಿದರೂ ಆಗಲೇ ಹೊರಟುಹೋದ ಚಿತ್ರ ತಿದ್ದಿಕೊಳ್ಳುವುದಿಲ್ಲ. ದಿನಾಂಕ ಬದಲಿಸಬೇಕಾಗಿ ಬಂದರೆ ಹಳೆಯದನ್ನು ಅಳಿಸಿ, 'ತಿದ್ದುಪಡಿ' ಎಂಬ ತಲೆಬರಹದ ಹೊಸ ಚಿತ್ರ ಹಾಕಿ. ಶೆಡ್ಯೂಲ್ ಆಗಿ ಕೂತಿರುವ ಮುಂದಿನ ಪೋಸ್ಟುಗಳನ್ನೂ ಆಗಲೇ ಸರಿಮಾಡಿ.

ಅಮೆರಿಕದಲ್ಲಿರುವ ಕನ್ನಡಿಗರು 'ನಮಗೆ ಯಾವಾಗ?' ಅಂತಾರೆ. ಇಲ್ಲಿಯ ದಿನವನ್ನೇ ಹೇಳಬಹುದಾ?

ಹೇಳಬಾರದು. ತಿಥಿ ಬದಲಾಗುವ ಕ್ಷಣ ಇಡೀ ಭೂಮಿಗೆ ಒಂದೇ, ಸೂರ್ಯೋದಯ ಮಾತ್ರ ಊರೂರಿಗೆ ಬೇರೆ. ಮೇಲೆ ಹೇಳಿದ ಗೌರಿ-ಗಣೇಶವನ್ನೇ ನ್ಯೂಯಾರ್ಕ್‌ಗೆ ಹಾಕಿ ನೋಡಿ. ಸೆಪ್ಟೆಂಬರ್‌ನಲ್ಲಿ ಅಲ್ಲಿಯ ಗಡಿಯಾರ ನಮಗಿಂತ 9:30 ಗಂಟೆ ಹಿಂದೆ. ನಮ್ಮ 13ರ ಬೆಳಗ್ಗೆ 7 ದಾಟಿ ಶುರುವಾಗುವ ತದಿಗೆ ಅಲ್ಲಿ 12ರ ರಾತ್ರಿ 9:30 ದಾಟಿದಾಗ ಶುರು. 13ರ ಭಾನುವಾರ ಅಲ್ಲಿ ಸೂರ್ಯೋದಯಕ್ಕೂ ತದಿಗೆ, ಹಗಲಿಡೀ ತದಿಗೆ. ಚೌತಿ ಅಂದು ರಾತ್ರಿ ಬರುತ್ತದೆ, 14ರ ಮಧ್ಯಾಹ್ನ ಇರುತ್ತದೆ.

ಅಂದರೆ ಇಲ್ಲಿ ಒಂದೇ ದಿನ ಬಂದ ಎರಡು ಹಬ್ಬ ಅಲ್ಲಿ ಎಂದಿನಂತೆ ಎರಡು ದಿನ. ಗೌರಿ ಭಾನುವಾರ, ಗಣೇಶ ಸೋಮವಾರ. ನಿಮ್ಮ ಚಾನೆಲ್‌ನಲ್ಲಿ ಅಲ್ಲಿಯವರು ಸಾಕಷ್ಟಿದ್ದರೆ ಶೀಟಿನಲ್ಲಿ ನ್ಯೂಯಾರ್ಕ್, ಕ್ಯಾಲಿಫೋರ್ನಿಯಾಗೆ ಒಂದೊಂದು ಕಾಲಂ ಇಡಿ. ಆ್ಯಪ್‌ನಲ್ಲಿ ಊರು ಬದಲಿಸಿ ಅಲ್ಲಿಯ ದಿನ ತೆಗೆದುಕೊಳ್ಳಿ. ಮಾರ್ಚ್, ನವೆಂಬರ್‌ನಲ್ಲಿ ಅವರ ಗಡಿಯಾರ ಒಂದು ಗಂಟೆ ಸರಿಯುತ್ತದೆ. ಅದಕ್ಕೆ ಕೈಲೆಕ್ಕ ಬೇಡ. ಅಷ್ಟಾಗಿ ಅಲ್ಲಿಯವರು ಇಲ್ಲದಿದ್ದರೆ ಚಾನೆಲ್‌ನ ವಿವರಣೆಯಲ್ಲಿ 'ಸಮಯಗಳೆಲ್ಲ ಬೆಂಗಳೂರಿಗೆ' ಎಂದು ಬರೆದುಬಿಡಿ. ಕೇಳಿದವರಿಗೆ ಅವರ ಊರಿನ ದೇವಸ್ಥಾನದ ಕ್ಯಾಲೆಂಡರ್ ನೋಡಲು ಹೇಳಿ.